ಯಾವ ಕಾರ್ಯಾಲಯ ಹಿಡಿಯೋಣ? ಬಂಧುಗಳಿಗೆ ಬರೆಯುವ ಮುನ್ನ ಮಾಡಬೇಕಾದ ಲೆಕ್ಕ

ಹೆಣ್ಣಿನವರು ಇಂಡಿ ಕಡೆಯವರು, ಗಂಡಿನವರು ಮುದ್ದೇಬಿಹಾಳದವರು, ಸೋದರಮಾವಂದಿರು ಸಿಂದಗಿಯಲ್ಲಿ. ಇಂಥ ಸಂಬಂಧ ಕೂಡಿದಾಗ ಮದುವೆ ಎಲ್ಲಿ ಎಂಬ ಮಾತು ಬಹಳ ಸಲ ಬಸವನ ಬಾಗೇವಾಡಿಗೆ ಬಂದು ನಿಲ್ಲುತ್ತದೆ. ಎರಡೂ ಕಡೆಯವರಿಗೆ ನಡುವೆ ಸಿಗುವ ಊರು, ಬಸವಣ್ಣನವರು ಹುಟ್ಟಿದ ಊರು, ಹಿರಿಯರು ಬೇಡ ಎನ್ನುವುದಿಲ್ಲ. ತಕರಾರು ಶುರುವಾಗುವುದು ಆಮೇಲೆ. ಊರೊಳಗೊಂದು, ಊರ ಹೊರಗೊಂದು ಕಾರ್ಯಾಲಯ ನೋಡಿ ಬಂದ ಹುಡುಗ ಎರಡರ ಫೋಟೋಗಳನ್ನೂ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಯಾವುದು ಮಾಡೋಣ?’ ಎಂದು ಕೇಳುತ್ತಾನೆ. ಒಬ್ಬರು ಸ್ಟೇಜ್ ಚಂದ ಎನ್ನುತ್ತಾರೆ, ಇನ್ನೊಬ್ಬರು ಬಾಡಿಗೆ ಜಾಸ್ತಿ ಎನ್ನುತ್ತಾರೆ, ಮತ್ತೊಬ್ಬರು ಮೂರನೆಯ ಕಾರ್ಯಾಲಯದ ಹೆಸರು ಹೇಳುತ್ತಾರೆ. ಅಷ್ಟರಲ್ಲಿ ಆ ತಾರೀಖನ್ನು ಬೇರೆ ಯಾರೋ ಹಿಡಿದಿರುತ್ತಾರೆ.

ಬಂಧುಗಳಿಗೆ ಪ್ರಶ್ನೆ ಕಳಿಸಬಾರದು, ಶಿಫಾರಸು ಕಳಿಸಬೇಕು. ‘ಇದನ್ನು ಹಿಡಿಯೋಣ ಅಂತೀವಿ, ಕಾರಣ ಇವು, ಕೊರತೆ ಇದು, ಇಂಥ ದಿನದೊಳಗೆ ಹೇಳಿರಿ’ ಎಂದಿದ್ದರೆ ಹಿರಿಯರಿಗೂ ಉತ್ತರ ಕೊಡುವುದು ಸುಲಭ. ಆದರೆ ಹಾಗೆ ಬರೆಯಲು ಕೈಯಲ್ಲಿ ಲೆಕ್ಕ ಇರಬೇಕು, ಮತ್ತು ಆ ಲೆಕ್ಕ ಬಾಡಿಗೆಗೆ ನಿಲ್ಲಬಾರದು. ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಸೀಸನ್ನಿನ ದರ ಹಾಕಿಕೊಂಡರೆ ಮೊತ್ತ ಬದಲಾದೀತು, ಲೆಕ್ಕದ ದಾರಿ ಬದಲಾಗದು.

ಊರೊಳಗಿನ ಕಾರ್ಯಾಲಯ ಬಸ್ ನಿಲ್ದಾಣಕ್ಕೆ ಹತ್ತಿರ. ಬಾಡಿಗೆ 60,000 ರೂಪಾಯಿ, ಕರೆಂಟ್ ಅದರಲ್ಲೇ ಬಂತು. ಆದರೆ ಅಡುಗೆ ಅವರು ಗೊತ್ತು ಮಾಡಿದ ಗುತ್ತಿಗೆದಾರರದ್ದೇ ಆಗಬೇಕು. ಮಧ್ಯಾಹ್ನದ ಊಟ ಒಂದು ಎಲೆಗೆ 210 ರೂಪಾಯಿ, ನಾಷ್ಟಾ 60 ರೂಪಾಯಿ. ಊಟಕ್ಕೆ ಎಷ್ಟೇ ಮಂದಿ ಬರಲಿ, ಕಡಿಮೆ ಎಂದರೂ 1,000 ಎಲೆಯ ದುಡ್ಡು ಕೊಡಬೇಕು. ಊರ ಹೊರಗಿನದಕ್ಕೆ ಬಾಡಿಗೆ 95,000. ಕರೆಂಟ್ ಮೀಟರ್ ಪ್ರಕಾರ, ಜನರೇಟರ್ ತಾಸಿನ ಲೆಕ್ಕ. ಅಡುಗೆಗೆ ನಮ್ಮ ಆಚಾರಿಯನ್ನೇ ಕರೆತರಬಹುದು, ರೇಷನ್ ನಮ್ಮದು, ಒಲೆ ಮತ್ತು ಅಡುಗೆಮನೆ ಅವರದು.

ಮೇಲ್ನೋಟಕ್ಕೆ ಊರೊಳಗಿನದು 35,000 ರೂಪಾಯಿ ಸೋವಿ. ಗುಂಪಿಗೆ ಬಾಡಿಗೆಯನ್ನಷ್ಟೇ ಬರೆದರೆ ಚರ್ಚೆ ಅಲ್ಲಿಗೇ ಮುಗಿದುಹೋಗುತ್ತದೆ, ತಪ್ಪು ಕಡೆಗೆ.

ಊಟಕ್ಕೆ 1,100 ಮಂದಿ, ನಾಷ್ಟಾಕ್ಕೆ 400 ಮಂದಿ ಎಂದು ಹಿಡಿಯೋಣ. ಊರೊಳಗಿನ ಕಾರ್ಯಾಲಯದ ಬಾಡಿಗೆಗೆ 18% ಜಿಎಸ್‌ಟಿ ಸೇರಿ 70,800. ಊಟ 2,31,000, ನಾಷ್ಟಾ 24,000, ಸ್ವಚ್ಛತೆಗೆ 5,000. ಒಟ್ಟು 3,30,800. ಊಟದ ದರದಲ್ಲಿ ತೆರಿಗೆ ಸೇರಿದೆ ಎಂದು ಗುತ್ತಿಗೆದಾರ ಒಪ್ಪಿದ್ದಾನೆ ಎಂದುಕೊಳ್ಳೋಣ. ಇದನ್ನು ಕೇಳದೆ ಬಿಟ್ಟರೆ ಕೊನೆಗೆ ಊಟದ ಬಿಲ್ಲಿನ ಮೇಲೆ ಇನ್ನೊಂದು 5% ಬಂದು ಕೂರುತ್ತದೆ.

ಊರ ಹೊರಗಿನದಕ್ಕೆ ತೆರಿಗೆ ಸೇರಿ ಬಾಡಿಗೆ 1,12,100. ಕರೆಂಟ್, ಜನರೇಟರ್ 14,000. ಸ್ವಚ್ಛತೆ 8,000. ಇಲ್ಲಿಗೆ 1,34,100 ಆಯಿತು. ಅಡುಗೆಯ ಕಡೆ ಬಂದರೆ, ಊಟದ ರೇಷನ್ನು ತಲೆಗೆ 105 ರೂಪಾಯಿಯಂತೆ 1,15,500, ನಾಷ್ಟಾದ ಸಾಮಾನು 12,000. ಆಚಾರಿ ಮತ್ತು ಅವನ ಜೊತೆಯವರಿಗೆ 35,000, ನೀಡುವ ಹುಡುಗರಿಗೆ 14,000. ಪಾತ್ರೆ ಬಾಡಿಗೆ 6,000, ಗ್ಯಾಸ್ 12,000, ನೀರಿನ ಟ್ಯಾಂಕರ್ 2,000, ಪತ್ರಾವಳಿ ಮತ್ತು ಲೋಟ 6,000. ಅಡುಗೆಯದ್ದೇ 2,02,500. ಎರಡೂ ಕೂಡಿ 3,36,600.

ಹೀಗೆ 35,000 ರೂಪಾಯಿಯ ಅಂತರ 5,800ಕ್ಕೆ ಇಳಿಯಿತು. ಇನ್ನು ನೋಡಬೇಕಾದದ್ದು ಜನ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂಬುದು. ನಮ್ಮ ಭಾಗದ ಮದುವೆಗೆ ಊರಿಗೆ ಊರೇ ಬರುತ್ತದೆ. ಮನೆಗೊಂದು ಲಗ್ನಪತ್ರಿಕೆ ಕೊಟ್ಟರೆ ಇಬ್ಬರು ಬರುತ್ತಾರೋ ಆರು ಮಂದಿ ಬರುತ್ತಾರೋ ಯಾರೂ ಹೇಳಲಾರರು. ಊರೊಳಗಿನ ಕಾರ್ಯಾಲಯದಲ್ಲಿ ಹೆಚ್ಚಾದ ಪ್ರತಿ ಎಲೆಗೆ 210 ರೂಪಾಯಿ ಏರಿದರೆ, ನಮ್ಮದೇ ಅಡುಗೆಯಲ್ಲಿ ಏರುವುದು ರೇಷನ್ನಿನ 105 ಮಾತ್ರ, ಯಾಕೆಂದರೆ ಆಚಾರಿ, ಪಾತ್ರೆ, ಬಾಡಿಗೆ ಆಗಲೇ ಲೆಕ್ಕಕ್ಕೆ ಬಂದಿವೆ. 1,155 ಮಂದಿಯ ಹತ್ತಿರ ಎರಡೂ ಸಮ ಆಗುತ್ತವೆ. 1,400 ಮಂದಿ ಬಂದರೆ ಊರೊಳಗಿನದು 3,93,800ಕ್ಕೆ, ಹೊರಗಿನದು 3,68,100ಕ್ಕೆ ನಿಲ್ಲುತ್ತದೆ. ಇನ್ನೊಂದು ತುದಿಯಲ್ಲಿ, ಬರೀ 800 ಮಂದಿ ಬಂದರೂ ಊರೊಳಗಿನದರಲ್ಲಿ 1,000 ಎಲೆಯ ದುಡ್ಡು ಕೊಡಬೇಕಾಗಿ 3,09,800 ಆಗುತ್ತದೆ. ಹೊರಗಿನದು 3,05,100. ಅಂದರೆ ಊರೊಳಗಿನದು ಸೋವಿ ಬೀಳುವುದು ಸುಮಾರು 850ರಿಂದ 1,150 ಮಂದಿಯೊಳಗೆ ಮಾತ್ರ. ಬಂಧುಗಳಿಗೆ ಹೇಳಬೇಕಾದ ಮುಖ್ಯ ಸಂಗತಿ ಇದೇ. ಒಟ್ಟು ಮೊತ್ತಕ್ಕಿಂತಲೂ ‘ಎಷ್ಟು ಮಂದಿಯ ಮೇಲೆ ಹೋದರೆ ಯಾವುದು ತುಟ್ಟಿ’ ಎಂಬ ಒಂದು ಸಂಖ್ಯೆ ಮಾತನ್ನು ಬೇಗ ಮುಗಿಸುತ್ತದೆ.

ತೆರಿಗೆಯ ಬಗ್ಗೆ ಇಲ್ಲಿ ಎರಡು ಮಾತು ಬೇಕು. ಸೇವಾ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಮತ್ತು ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಹಾಗಾಗಿ 18% ಕೇಳಿದವರ ಬಳಿ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೇಳುವುದು ನ್ಯಾಯವಾದದ್ದು. ಸಾರ್ವಜನಿಕ ದೇವಸ್ಥಾನದ ಆವರಣದಲ್ಲಿ ನೋಂದಾಯಿತ ಧಾರ್ಮಿಕ ಟ್ರಸ್ಟ್ ನಡೆಸುವ ಕಲ್ಯಾಣ ಮಂಟಪವಾಗಿದ್ದು, ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಆ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಣ್ಣ ಮದುವೆ ಮಾಡುವವರು ಇದನ್ನು ಮೊದಲು ವಿಚಾರಿಸಲಿ.

ಅಡುಗೆಯ ನಿಯಮಗಳನ್ನು ಮ್ಯಾನೇಜರ ಹತ್ತಿರ ಬಾಯಿಮಾತಿನಲ್ಲಿ ಕೇಳಿ ಬರುವುದು ಸಾಲದು. ‘ಹೊರಗಿನ ಅಡುಗೆ ನಡೆಯತೈತಿ’ ಎಂದವರೇ ಮುಂಗಡ ಕೊಟ್ಟ ಮೇಲೆ ‘ಹೊರಗಿನವರಿಗೆ ರಾಯಲ್ಟಿ ಐತಿ’ ಎನ್ನಬಹುದು. ಹೊರಗಿನ ಆಚಾರಿಯನ್ನು ತಂದರೆ ಎಲೆಗೆ ಇಂತಿಷ್ಟು ಎಂದೋ ಒಟ್ಟಿಗೆ ಇಂತಿಷ್ಟು ಎಂದೋ ಕಾರ್ಯಾಲಯ ಹಿಡಿಯುವ ದುಡ್ಡಿಗೆ ಈ ಹೆಸರು. ಎಲೆಗೆ 20 ರೂಪಾಯಿ ರಾಯಲ್ಟಿ ಎಂದರೂ 1,100 ಮಂದಿಗೆ 22,000 ಆಗಿ, ಮೇಲಿನ ಲೆಕ್ಕವೆಲ್ಲ ತಿರುಗಿಬಿಡುತ್ತದೆ. ಎಲೆಗಳನ್ನು ಎಣಿಸುವ ಬಗೆಯನ್ನೂ ಮೊದಲೇ ಬರೆಸಿಕೊಳ್ಳಬೇಕು: ಕೂಪನ್ ಮೇಲೋ, ಖರ್ಚಾದ ಪತ್ರಾವಳಿಯ ಮೇಲೋ, ಪಂಕ್ತಿಯ ಮೇಲೋ. ಪಂಕ್ತಿ ಲೆಕ್ಕವಾದರೆ ಖಾಲಿ ಕುರ್ಚಿಗೂ ದುಡ್ಡು ಹೋಗುತ್ತದೆ. ಎಣಿಸುವಾಗ ನಮ್ಮ ಕಡೆಯ ಒಬ್ಬರು ಪಕ್ಕದಲ್ಲಿ ನಿಲ್ಲುವುದಕ್ಕೆ ಒಪ್ಪುತ್ತಾರೆಯೇ ಕೇಳಿ. ಒಪ್ಪದ ಕಡೆ ಹುಷಾರಾಗಿರಬೇಕು.

ನಮ್ಮ ಭಾಗಕ್ಕೇ ಸೇರಿದ ಇನ್ನೆರಡು ಪ್ರಶ್ನೆಗಳಿವೆ. ಒಂದು, ಖಡಕ್ ರೊಟ್ಟಿ. ಮದುವೆಯ ರೊಟ್ಟಿಯನ್ನು ಈಗ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಮೊದಲೇ ಹೇಳಿ ಮಾಡಿಸುತ್ತೇವೆ. 1,100 ಮಂದಿಗೆ ತಲೆಗೆ ಎರಡರಂತೆ ಹಿಡಿದರೂ 2,200 ರೊಟ್ಟಿ. ‘ಹೊರಗಿನ ಪದಾರ್ಥ ಒಳಗೆ ತರುವಂತಿಲ್ಲ’ ಎಂಬ ಕರಾರು ಇದ್ದರೆ ಈ ರೊಟ್ಟಿ ಬಾಗಿಲಲ್ಲೇ ನಿಲ್ಲುತ್ತದೆ. ಗೋಧಿ ಹುಗ್ಗಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇರುವ ಊಟಕ್ಕೆ ರೊಟ್ಟಿ ಇಲ್ಲವೆಂದರೆ ಹಳ್ಳಿಯ ಹಿರಿಯರು ಒಪ್ಪುವವರಲ್ಲ. ಎರಡು, ಬುತ್ತಿ. ಮದುಮಗಳ ಜೊತೆ ಕಟ್ಟಿ ಕಳಿಸುವ ಬುತ್ತಿಯನ್ನು ಕಾರ್ಯಾಲಯದ ಅಡುಗೆಮನೆಯಲ್ಲಿ ಮಾಡಿಸಬಹುದೇ, ಮನೆಯಿಂದ ತಂದದ್ದನ್ನು ಇಡಲು ಜಾಗ ಕೊಡುತ್ತಾರೆಯೇ, ಉಳಿದ ಊಟವನ್ನು ಒಯ್ಯಬಹುದೇ ಎಂದು ಕೇಳಲೇಬೇಕು. ಗುತ್ತಿಗೆ ಅಡುಗೆಯಲ್ಲಿ ಉಳಿದದ್ದು ಯಾರದು ಎಂಬ ವಿಷಯಕ್ಕೆ ಮದುವೆ ಮನೆಯಲ್ಲಿ ಜಗಳ ಆಗಬಾರದು.

ನಮ್ಮದೇ ಅಡುಗೆ ಎಂದಾಗ ಹಗುರಾಗಿ ತೆಗೆದುಕೊಳ್ಳುವ ಸಂಗತಿ ಗ್ಯಾಸ್. ಮನೆಯ 14.2 ಕಿಲೋ ಸಿಲಿಂಡರ್‌ಗಳನ್ನು ಬಂಧುಗಳಿಂದ ಕೂಡಿಸಿ ತರುವ ರೂಢಿ ಇದೆ. ಅವು ಮನೆ ಬಳಕೆಗೆ ಮಾತ್ರ ಕೊಟ್ಟವು. ಇಂಥ ಅಡುಗೆಗೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು, ಮೇಲಿನ ಲೆಕ್ಕದಲ್ಲಿ ಹಿಡಿದಿರುವುದೂ ಅದನ್ನೇ. ಹಾಗೆಯೇ ಆಚಾರಿ ಹಿಂದಿನ ದಿನ ಎಷ್ಟು ಗಂಟೆಗೆ ಅಡುಗೆಮನೆಗೆ ಇಳಿಯಬಹುದು ಎಂಬುದು. ಕೆಲವರ ‘ಒಂದು ದಿನ’ ಹಿಂದಿನ ಸಂಜೆ 6ಕ್ಕೆ ಶುರುವಾದರೆ ಕೆಲವರದು ಬೆಳಗಿನ 6ಕ್ಕೆ. ಬೆಳಗಿನಿಂದ ಎಂದರೆ ಹಿಂದಿನ ರಾತ್ರಿಗೆ ಬೇರೆ ಬಾಡಿಗೆ ಬೀಳುತ್ತದೆ, ಅರಿಶಿಣ, ಸುರಗಿಯನ್ನು ಮನೆಯಲ್ಲೇ ಮುಗಿಸಿಕೊಂಡು ಬರಬೇಕಾಗುತ್ತದೆ.

ಈಗ ಗಾಡಿ ನಿಲ್ಲಿಸುವ ಮಾತು. ‘ನೂರು ಗಾಡಿ ಆರಾಮ ನಿಲ್ತಾವ್ರಿ’ ಎಂಬ ಮಾತನ್ನು ಅಳೆದು ನೋಡುವ ಸುಲಭ ದಾರಿ ಒಂದಿದೆ. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ತಿರುಗಿಸಲು, ಹೊರಗೆ ತೆಗೆಯಲು ದಾರಿ ಬಿಟ್ಟರೆ ಸುಮಾರು 25 ಚದರ ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್. ಅಂದರೆ ಗುಂಟೆಗೆ ನಾಲ್ಕು ಕಾರು. ಒಂದು ಬಸ್ಸಿಗೆ ತಿರುವು ಸೇರಿ ಒಂದು ಗುಂಟೆ ಹಿಡಿಯಿರಿ, ಮೂವತ್ತು ಮೋಟರ್‌ಸೈಕಲ್‌ಗೆ ಒಂದು ಗುಂಟೆ.

ನಮ್ಮ ಉದಾಹರಣೆಯಲ್ಲಿ ಮುದ್ದೇಬಿಹಾಳದ ನಿಬ್ಬಣಕ್ಕೆ ಮೂರು ಸಾರಿಗೆ ಬಸ್ಸು, ಎರಡೂ ಕಡೆಯ ಹಳ್ಳಿಗಳಿಂದ 15 ಕ್ರೂಸರ್, 90 ಕಾರು, 150 ಮೋಟರ್‌ಸೈಕಲ್ ಬರುತ್ತವೆ ಎಂದುಕೊಳ್ಳೋಣ. ಉಳಿದವರು ಸರ್ವಿಸ್ ಬಸ್ಸಿಗೆ ಬಂದು ಇಳಿಯುತ್ತಾರೆ. ಕಾರು, ಕ್ರೂಸರ್ ಸೇರಿ 26 ಗುಂಟೆ, ಬಸ್ಸಿಗೆ 3, ಮೋಟರ್‌ಸೈಕಲ್‌ಗೆ 5. ಒಟ್ಟು 34 ಗುಂಟೆ. ಸಂಜೆಯ ರಿಸೆಪ್ಶನ್ ಆದರೆ ಜನ ಬಂದು ಹೋಗುತ್ತಿರುತ್ತಾರೆ, ಅರ್ಧ ಜಾಗ ಸಾಕು. ಮಧ್ಯಾಹ್ನದ ಅಕ್ಷತೆಗೆ ಹಾಗಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ, ಊಟ ಮುಗಿಯುವವರೆಗೆ ಯಾರೂ ಗಾಡಿ ತೆಗೆಯುವುದಿಲ್ಲ. ಆದ್ದರಿಂದ ಈ ಲೆಕ್ಕದಲ್ಲಿ ಕಡಿತ ಮಾಡಬೇಡಿ. ಊರೊಳಗಿನ ಕಾರ್ಯಾಲಯದ ಆವರಣ ಆರು ಗುಂಟೆ, ಹೆಚ್ಚೆಂದರೆ 25 ಕಾರು. ಉಳಿದವು ಬಜಾರದ ರಸ್ತೆಯಲ್ಲಿ ನಿಲ್ಲಬೇಕು. ಹೊರಗಿನದಕ್ಕೆ ಒಂದು ಎಕರೆ, ಅಂದರೆ 40 ಗುಂಟೆ ಬಯಲು.

ಬಯಲು ಇದೆ ಎಂದು ಅಲ್ಲಿಗೇ ಸಮಾಧಾನ ಪಡಬಾರದು. ನಮ್ಮದು ಎರಿ ಭೂಮಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಗೊಂದು ಮಳೆ ಹೊಡೆದರೆ ಗರಸು ಹಾಕದ ಜಾಗದಲ್ಲಿ ಕಾರಿನ ಗಾಲಿ ಹೂತು, ಟ್ರ್ಯಾಕ್ಟರ್ ತಂದು ಎಳೆಸಬೇಕಾಗುತ್ತದೆ. ಕಾಲಿನಿಂದ ಕೆದರಿ ನೋಡಿ. ಮೇಲೆ ತೆಳ್ಳಗೆ ಗರಸು ಉದುರಿಸಿ ಕೆಳಗೆ ಕರಿಮಣ್ಣು ಹಾಗೇ ಇದ್ದರೆ ಒಂದು ಮಳೆಗೇ ಬಣ್ಣ ಬಯಲಾಗುತ್ತದೆ. ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆ ಬೇರೆ ಇವೆಯೇ, ಬಸ್ಸು ಹಿಂದಕ್ಕೆ ಬರದೆ ತಿರುಗಬಹುದೇ ಎಂದೂ ನೋಡಬೇಕು. ದೊಡ್ಡ ರಸ್ತೆಗೆ ಹೊಂದಿದ ಜಾಗವಾದರೆ ರಸ್ತೆ ದಾಟುವ ಮುದುಕರಿಗೆ, ಮಕ್ಕಳಿಗೆ ಒಬ್ಬರನ್ನು ನಿಲ್ಲಿಸಲೇಬೇಕು. ಇದೆಲ್ಲ ಖಾಲಿ ದಿನ ಹೋದರೆ ತಿಳಿಯುವುದಿಲ್ಲ. ಬೇರೆಯವರ ಮದುವೆ ಇರುವ ದಿನ, ಮಧ್ಯಾಹ್ನ ಅಕ್ಷತೆಯ ಹೊತ್ತಿಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಬೇಕು.

ಬಸವನ ಬಾಗೇವಾಡಿಗೆ ಮಾತ್ರ ಇನ್ನೊಂದು ಎಚ್ಚರಿಕೆ. ಅಕ್ಷಯ ತೃತೀಯಾ ಎಂದರೆ ಎಲ್ಲರೂ ಕೇಳುವ ಮುಹೂರ್ತ. ಬಸವ ಜಯಂತಿಯೂ ಅದೇ ದಿನ. ಬಸವಣ್ಣನವರ ಹುಟ್ಟೂರಿನಲ್ಲಿ ಅಂದು ಬಸವೇಶ್ವರ ದೇವಸ್ಥಾನದ ಸುತ್ತ ಜನ ತುಂಬಿರುತ್ತಾರೆ. ಆ ದಿನ ಊರೊಳಗಿನ ಕಾರ್ಯಾಲಯ ಹಿಡಿಯುವವರು ನಿಬ್ಬಣದ ಬಸ್ಸು ಬಾಗಿಲಿಗೆ ಬರುತ್ತದೆ ಎಂದು ನಂಬಿ ಕೂರಬಾರದು. ಶ್ರಾವಣದ ಸೋಮವಾರಗಳಿಗೂ ಇದೇ ಮಾತು.

ಇಷ್ಟಾದ ಮೇಲೆ ಊರ ಹೊರಗಿನದೇ ಮೇಲು ಎಂದು ನಾನು ಹೇಳುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ನಮ್ಮದೇ ಅಡುಗೆ ಎಂದರೆ ರೇಷನ್ ತರುವವರು, ಸ್ಟೋರಿನ ಕೀಲಿ ಹಿಡಿದು ಎರಡು ದಿನ ಅಲ್ಲೇ ಕೂರುವವರು ಬೇಕು. ಆ ಕೆಲಸಕ್ಕೆ ಗಟ್ಟಿಯಾದ ಒಬ್ಬರು ಮನೆಯಲ್ಲಿ ಇಲ್ಲದಿದ್ದರೆ ಎಣ್ಣೆ, ತುಪ್ಪ, ಗೋಡಂಬಿ ಎಲ್ಲಿ ಹೋದವು ಎಂದು ತಿಳಿಯದೆ 25,000 ಉಳಿಸಲು ಹೋಗಿ 30,000 ಕಳೆಯಬಹುದು. ಅಂಥ ಮನೆಯವರು, ಅಥವಾ ಜನ ಸಾವಿರದ ಆಸುಪಾಸು ಎಂದು ಖಾತ್ರಿ ಇರುವವರು, ಊರೊಳಗಿನದನ್ನೇ ಹಿಡಿದು ರೊಟ್ಟಿಗೆ ಅನುಮತಿ ಬರೆಸಿಕೊಳ್ಳಲಿ.

ಸಂದೇಶ ಕಳಿಸುವ ಮೊದಲು ಬೀಗರಿಗೆ ಫೋನು ಮಾಡಿ. ನಿಬ್ಬಣ ತರುವವರು ಅವರು, ಬಸ್ಸು ಎಲ್ಲಿ ನಿಲ್ಲಬೇಕು ಎಂಬುದು ಅವರ ವಿಷಯ. ಗುಂಪಿನಲ್ಲಿ ಓದಿ ಅವರಿಗೆ ಗೊತ್ತಾಗುವುದು ಸರಿಯಲ್ಲ. ಅವರು ಒಪ್ಪಿದ ಮೇಲೆ ಗುಂಪಿಗೆ ಹೀಗೆ ಬರೆಯಬಹುದು:

“ಹಿರಿಯರೆಲ್ಲರಿಗೂ ಶರಣು ಶರಣಾರ್ಥಿ. ತಂಗಿಯ ಮದುವೆಗೆ ಬಸವನ ಬಾಗೇವಾಡಿಯಲ್ಲಿ ಎರಡು ಕಾರ್ಯಾಲಯ ನೋಡಿಕೊಂಡು ಬಂದೀವಿ. ಅಪ್ಪ, ಕಾಕಾ ಮತ್ತು ನಾನು ಕೂಡಿ ವಿಚಾರ ಮಾಡಿ, ಊರ ಹೊರಗಿನದನ್ನು ಹಿಡಿಯೋಣ ಅಂತೀವಿ. ಮುದ್ದೇಬಿಹಾಳದ ಬೀಗರಿಗೂ ಫೋನು ಮಾಡಿ ಕೇಳಿದ್ದೀವಿ, ಅವರು ಒಪ್ಪಿದ್ದಾರೆ.

ಖರ್ಚು: 1,100 ಮಂದಿಗೆ ಊರೊಳಗಿನದು ಎಲ್ಲ ಸೇರಿ 3,30,800, ಹೊರಗಿನದು 3,36,600. ಬಾಡಿಗೆ ಜಾಸ್ತಿ ಇದ್ದರೂ ಅಡುಗೆ ನಮ್ಮದೇ ಇರೋದ್ರಿಂದ ಒಟ್ಟಿನಲ್ಲಿ ಅಷ್ಟು ಫರಕ್ ಇಲ್ಲ. 1,155 ಮಂದಿ ದಾಟಿದರೆ ಊರೊಳಗಿನದೇ ತುಟ್ಟಿ. ನಮ್ಮ ಕಡೆ ಜನ ಹೆಚ್ಚೇ ಆಗ್ತಾರೆ ಅನ್ನೋದು ನಿಮಗೆಲ್ಲ ಗೊತ್ತು.

ಗಾಡಿ: ಒಂದು ಎಕರೆ ಗರಸಿನ ಜಾಗ ಐತಿ. ನಿಬ್ಬಣದ ಮೂರೂ ಬಸ್ಸು ಒಳಗೇ ನಿಲ್ಲುತ್ತಾವೆ. ಊರೊಳಗಿನದರಲ್ಲಿ 25 ಕಾರಿಗೆ ಮಾತ್ರ ಜಾಗ.

ಅಡುಗೆ: ನಮ್ಮ ಆಚಾರಿ, ನಮ್ಮ ರೊಟ್ಟಿ, ಬುತ್ತಿ ಎಲ್ಲಕ್ಕೂ ಒಪ್ಪಿದ್ದಾರೆ. ರಾಯಲ್ಟಿ ಇಲ್ಲ, ಬರೆದು ಕೊಡ್ತಾರೆ. ಸ್ಟೋರ್ ಕಾಕಾ ನೋಡಿಕೊಳ್ತಾರೆ.

ಒಂದು ಕೊರತೆ: ಬಸ್ ನಿಲ್ದಾಣದಿಂದ ದೂರ. ಸಿಂದಗಿ ಮಾಮಾರು, ಇಂಡಿ ಕಡೆಯಿಂದ ಸರ್ವಿಸ್ ಬಸ್ಸಿಗೆ ಬರೋರು ಚಿಂತಿ ಮಾಡಬ್ಯಾಡ್ರಿ. ಬೆಳಿಗ್ಗೆ 9ರಿಂದ ಅಕ್ಷತೆವರೆಗೆ, ಊಟ ಆದ ಮೇಲೆ ಸಂಜೆ 5ರವರೆಗೆ ಒಂದು ಕ್ರೂಸರ್ ಬಸ್ ನಿಲ್ದಾಣಕ್ಕೆ ಓಡಾಡ್ತದ.

ದೊಡ್ಡಪ್ಪ, ಮಾಮಾ, ನಿಮ್ಮ ಮಾತು ಏನೇ ಇದ್ದರೂ ರವಿವಾರ ಸಂಜೆಯೊಳಗೆ ನನಗೆ ಫೋನು ಮಾಡಿ ಹೇಳಿರಿ. ಸೋಮವಾರ ಬೆಳಿಗ್ಗೆ ಮುಂಗಡ ಕೊಡ್ತೀವಿ. ನಿಮ್ಮ ನಿಮ್ಮ ಕಡೆಯಿಂದ ಎಷ್ಟು ಮಂದಿ, ಎಷ್ಟು ಗಾಡಿ ಅಂತ ಒಂದು ಅಂದಾಜು ಹೇಳಿದರೆ ರೊಟ್ಟಿ ಹೇಳಾಕ ಅನುಕೂಲ.”

ಇದರಲ್ಲಿ ಕಾರ್ಯಾಲಯದ ಫೋಟೋ ಇಲ್ಲ, ಬೇಕೆಂದೇ ಬಿಟ್ಟದ್ದು. ಫೋಟೋ ಹೋದರೆ ಮಾತು ಮತ್ತೆ ಸ್ಟೇಜಿನ ಬಣ್ಣಕ್ಕೆ ತಿರುಗುತ್ತದೆ. ‘ಗುಂಪಿಗೆ ಬರೆಯಿರಿ’ ಎನ್ನದೆ ‘ಫೋನು ಮಾಡಿ’ ಎಂದದ್ದಕ್ಕೂ ಕಾರಣವಿದೆ. ಭಿನ್ನಾಭಿಪ್ರಾಯ ಇರುವ ಹಿರಿಯರು ಫೋನಿನಲ್ಲಿ ಹೇಳಿ ಸಮಾಧಾನ ಆಗುತ್ತಾರೆ. ಗುಂಪಿನಲ್ಲಿ ಬರೆದ ಮಾತಿನಿಂದ ಹಿಂದೆ ಸರಿಯುವುದು ಅವರಿಗೆ ಕಷ್ಟ.

ಸೋಮವಾರ ಮುಂಗಡ ಕೊಡುವಾಗ ರಸೀದಿಯಲ್ಲಿ ತಾರೀಖು, ಬಾಡಿಗೆ ಶುರುವಾಗುವ ಮತ್ತು ಮುಗಿಯುವ ಗಂಟೆ, ರಾಯಲ್ಟಿ ಇಲ್ಲ ಎಂಬ ಮಾತು, ಠೇವಣಿ ಯಾವಾಗ ಮರಳುತ್ತದೆ, ತಾರೀಖು ಬದಲಾದರೆ ಎಷ್ಟು ಕಡಿಯುತ್ತಾರೆ ಎಂಬುದನ್ನು ಬರೆಸಿ ಸಹಿ ಮಾಡಿಸಿಕೊಳ್ಳಿ. ಮದುವೆಯ ಹಿಂದಿನ ಸಂಜೆ ಕೀಲಿ ತೆಗೆದುಕೊಂಡ ತಕ್ಷಣ ಕರೆಂಟ್ ಮೀಟರಿನ ಅಂಕಿ, ಜನರೇಟರಿನ ತಾಸಿನ ಅಂಕಿ ಎರಡನ್ನೂ ಮ್ಯಾನೇಜರ ಎದುರಿಗೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.